ಮುಳ್ಳಿನ ಮಾತು, ಬ್ರೆಡ್ಡಿನ ನಕ್ಷೆ

ಮನೆಯಲ್ಲಿ ಬೇಕಿಂಗ್ ಮಾಡುವವರಿಗೆ ಸಿಗುವ ಸಲಹೆಗಳಲ್ಲಿ ಓವನ್ ಥರ್ಮಾಮೀಟರಿನಷ್ಟು ಪ್ರಶ್ನಾತೀತವಾಗಿ ಕೂತಿರುವುದು ಇನ್ನೊಂದಿಲ್ಲ. ಕೇಕ್ ಒಡೆದರೆ ಥರ್ಮಾಮೀಟರ್ ತನ್ನಿ, ನಾನ್‌ಖಟಾಯಿ ಅಡಿ ಹಿಡಿದರೆ ಥರ್ಮಾಮೀಟರ್ ತನ್ನಿ. ನಾಬ್ ಸುಳ್ಳು ಹೇಳುತ್ತದೆ, ಮುಳ್ಳು ನಿಜ ಹೇಳುತ್ತದೆ. ಈ ಮಾತಿನ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಎರಡನೆಯ ಅರ್ಧದ ಬಗ್ಗೆ. ನಮ್ಮ ಅಡುಗೆಮನೆಗಳಲ್ಲಿ ಹೆಚ್ಚಾಗಿ ಇರುವುದು ಮೇಲೆರಡು, ಕೆಳಗೆರಡು ರಾಡುಗಳ ಓಟಿಜಿ. ಅದರಲ್ಲಿ ಥರ್ಮಾಮೀಟರ್ ಹೇಳುವುದು ತಾನು ನೇತಾಡುತ್ತಿರುವ ಒಂದು ಜಾಗದ ಸಂಗತಿಯನ್ನು ಮಾತ್ರ, ಅದನ್ನೂ ತಡವಾಗಿ ಹೇಳುತ್ತದೆ. ಕೇಕ್ ಕೆಡುವುದಕ್ಕೆ ಬಹಳ ಸಲ ಕಾರಣ ರ್ಯಾಕ್ ಇರುವ ಎತ್ತರ. ಆ ಎತ್ತರದ ಬಗ್ಗೆ ಪಾಕಪುಸ್ತಕಗಳು ‘ನಡುವಿನ ರ್ಯಾಕಿನಲ್ಲಿಡಿ’ ಎಂಬ ಒಂದು ಸಾಲು ಬರೆದು ಮುಂದೆ ಹೋಗುತ್ತವೆ.

ಥರ್ಮಾಮೀಟರಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸೋಣ. ಓಟಿಜಿಯ ಥರ್ಮೋಸ್ಟಾಟ್ ಸಾಮಾನ್ಯವಾಗಿ ಬಹಳ ಸರಳವಾದ ಸಾಧನ. ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಿಸಿಗೆ ಬಾಗಿ ರಾಡುಗಳ ಕರೆಂಟು ಕಡಿಯುತ್ತದೆ, ತಣಿದು ನೆಟ್ಟಗಾದಾಗ ಮತ್ತೆ ಕೊಡುತ್ತದೆ. ಅದು ಇರುವುದು ನಾಬುಗಳ ಹಿಂದೆ, ಪಕ್ಕದ ಗೋಡೆಯ ಆಚೆ. ಕೇಕ್ ಇರುವುದು ಒಳಗೆ, ನಡುವೆ. ಆ ಗೋಡೆ ಕಾದಾಗ ದೀಪ ಆರುತ್ತದೆ, ನಾವು ‘ಪ್ರೀಹೀಟ್ ಆಯಿತು’ ಎನ್ನುತ್ತೇವೆ. ಅಷ್ಟು ಹೊತ್ತಿಗೆ ಬಾಗಿಲು, ತಂತಿ ರ್ಯಾಕು, ಎದುರಿನ ಗೋಡೆ ಇನ್ನೂ ಸರಿಯಾಗಿ ಕಾದಿರುವುದಿಲ್ಲ. ಕರೆಂಟು ಕಡಿದ ಮೇಲೂ ಕೆಂಪಾದ ರಾಡುಗಳು ಬಿಸಿ ಸೂಸುತ್ತಲೇ ಇರುವುದರಿಂದ ಒಳಗಿನ ಉಷ್ಣತೆ ಗುರಿ ದಾಟಿ ಏರುತ್ತದೆ, ಆಮೇಲೆ ಗುರಿಗಿಂತ ಕೆಳಗಿಳಿದು ಮತ್ತೆ ಏರುತ್ತದೆ. 180 ಎಂದು ತಿರುಗಿಸಿದ ಓವನ್ 180ರಲ್ಲಿ ನಿಲ್ಲುವುದೇ ಇಲ್ಲ, ಅದರ ಆಚೀಚೆ ತೂಗುತ್ತಿರುತ್ತದೆ. ಹಾಗಾಗಿ ಒಂದೇ ಸಲ ಮುಳ್ಳು ನೋಡಿ ‘ನಮ್ಮ ಓವನ್ ಇಪ್ಪತ್ತು ಡಿಗ್ರಿ ಹೆಚ್ಚು’ ಎಂದು ತೀರ್ಪು ಕೊಡುವುದು ಉಯ್ಯಾಲೆಯ ಒಂದು ಕ್ಷಣವನ್ನು ನೋಡಿ ಅದು ಎಲ್ಲಿ ನಿಂತಿದೆ ಎಂದು ಹೇಳಿದಂತೆ.

ಸರಿಯಾಗಿ ನೋಡುವುದೆಂದರೆ ಹೀಗೆ. ಥರ್ಮಾಮೀಟರನ್ನು ನಡುವಿನ ರ್ಯಾಕಿನ ಮಧ್ಯದಲ್ಲಿ, ರಾಡಿಗೂ ಗೋಡೆಗೂ ತಾಗದಂತೆ, ಮುಖ ಗಾಜಿನ ಕಡೆಗಿರುವಂತೆ ಇಡಬೇಕು. ನಾಬನ್ನು 180ಕ್ಕೆ ತಿರುಗಿಸಿ ಅರ್ಧ ಗಂಟೆ ಮುಟ್ಟಬಾರದು. ಆಮೇಲೆ ಇನ್ನರ್ಧ ಗಂಟೆ, ಮೂರು ನಿಮಿಷಕ್ಕೊಮ್ಮೆ, ಬಾಗಿಲು ತೆರೆಯದೆ ಗಾಜಿನ ಮೂಲಕವೇ ಓದಿ ಬರೆದುಕೊಳ್ಳಬೇಕು. ಅತಿ ಹೆಚ್ಚು 206, ಅತಿ ಕಡಿಮೆ 178 ಬಂತು ಎಂದು ಇಟ್ಟುಕೊಳ್ಳಿ. ನಡುವಿನ ಅಂಕಿ 192. ಅಂದರೆ ಈ ಓವನ್ ಹನ್ನೆರಡು ಡಿಗ್ರಿಯಷ್ಟು ಹೆಚ್ಚು ಕಾಯುತ್ತದೆ, ನಾಬ್ 170ಕ್ಕಿಂತ ಒಂದು ಕೂದಲು ಕೆಳಗಿರಬೇಕು. ಮುಳ್ಳಿನ ಥರ್ಮಾಮೀಟರ್ ನಿಧಾನಿಯಾದ್ದರಿಂದ ಗಾಳಿಯ ನಿಜವಾದ ಏರಿಳಿತ ಇದಕ್ಕಿಂತ ದೊಡ್ಡದೇ ಇರುತ್ತದೆ, ಆದರೆ ನಡುವಿನ ಅಂಕಿಗೆ ಅದರಿಂದ ಹೆಚ್ಚು ಧಕ್ಕೆಯಿಲ್ಲ. 180ರಲ್ಲಿ ಕಂಡ ಹನ್ನೆರಡು ಡಿಗ್ರಿ 150ರಲ್ಲೂ ಹನ್ನೆರಡೇ ಇರಬೇಕೆಂಬ ನಿಯಮವಿಲ್ಲವಾದ್ದರಿಂದ, ಹೆಚ್ಚು ಬಳಸುವ ಎರಡು ಉಷ್ಣತೆಗಳಲ್ಲಾದರೂ ಇದನ್ನು ಮಾಡಬೇಕು. ಇಷ್ಟನ್ನು ಥರ್ಮಾಮೀಟರ್ ಮಾತ್ರ ಮಾಡಬಲ್ಲದು, ಕಣ್ಣಂದಾಜು ಮಾಡಲಾರದು.

ಇಲ್ಲಿಂದಾಚೆಗೆ ಅದರ ಕೀರ್ತಿ ಅಳತೆ ಮೀರಿದ್ದು. ನಾಬ್ ತಿದ್ದಿದ್ದಾಯಿತು, ಸರಾಸರಿ 180ಕ್ಕೆ ಬಂತು. ಆದರೂ ಏಳಿಂಚಿನ ಟಿನ್ನಿನ ಕೇಕ್ ಮೊದಲ ಇಪ್ಪತ್ತು ನಿಮಿಷದಲ್ಲೇ ಮೇಲೆ ಕಂದಾಗಿ, ನಡುವೆ ಗುಡ್ಡ ಕಟ್ಟಿ, ಬಿರಿಯುತ್ತದೆ. ಥರ್ಮಾಮೀಟರ್ ಪಕ್ಷದವರು ಇನ್ನೂ ಹತ್ತು ಡಿಗ್ರಿ ಇಳಿಸಿ ಎನ್ನುತ್ತಾರೆ. ಇಳಿಸಿದರೆ ಬಿರುಕು ಕಡಿಮೆಯಾಗಬಹುದು, ಆದರೆ ಅಡಿ ಬಿಳಚಿಕೊಂಡು ಒದ್ದೆಯಾಗಿ ಉಳಿಯುತ್ತದೆ. ಏಕೆಂದರೆ ಓಟಿಜಿಯಲ್ಲಿ ಕೇಕನ್ನು ಬೇಯಿಸುವುದು ಬಿಸಿ ಗಾಳಿಯೊಂದೇ ಅಲ್ಲ. ಕೆಂಡದೆದುರು ಕೂತವರ ಮುಖಕ್ಕೆ ಝಳ ಬಡಿಯುವಂತೆ ರಾಡುಗಳ ಝಳ ಹಿಟ್ಟಿನ ಮೇಲ್ಮೈಗೆ ನೇರವಾಗಿ ಬಡಿಯುತ್ತದೆ. ಈ ಝಳ ದೂರದೊಂದಿಗೆ ಬೇಗ ಇಳಿಯುತ್ತದೆ; ಉದ್ದನೆಯ ರಾಡಿನ ಹತ್ತಿರದಲ್ಲಿ ದೂರ ಇಮ್ಮಡಿಯಾದರೆ ಝಳ ಸರಿಸುಮಾರು ಅರ್ಧವಾಗುತ್ತದೆ. ರ್ಯಾಕಿನ ಮೇಲೆ ಕೂತ ಹೊಳೆಯುವ ಸ್ಟೀಲಿನ ಥರ್ಮಾಮೀಟರ್ ಆ ಝಳದ ಬಹುಭಾಗವನ್ನು ಹಿಂದಕ್ಕೆ ಚಿಮ್ಮಿಸಿ ಮುಖ್ಯವಾಗಿ ಗಾಳಿಯ ಸಂಗತಿಯನ್ನೇ ಹೇಳುತ್ತದೆ. ಕೇಕಿನ ಮೇಲ್ಮೈಗಾದರೋ ಹೊಳಪಿಲ್ಲ. ಅದು ಝಳವನ್ನು ಕುಡಿಯುತ್ತದೆ. ಒಂದೇ ಓವನ್ನಿನಲ್ಲಿ, ಒಂದೇ ಕ್ಷಣದಲ್ಲಿ, ಮುಳ್ಳು 180 ತೋರಿಸುತ್ತಿರುವಾಗಲೇ ಕೇಕಿನ ನೆತ್ತಿ ಅದಕ್ಕಿಂತ ಬಿಸಿಯಾದ ಓವನ್ನಿನಲ್ಲಿದ್ದಂತೆ ಬೇಯುತ್ತಿರುತ್ತದೆ.

ಈಗ ಎತ್ತರವನ್ನು ಲೆಕ್ಕ ಹಾಕಿ. ಮೂವತ್ತು ಲೀಟರಿನ ಆಸುಪಾಸಿನ ಓಟಿಜಿಯಲ್ಲಿ, ನಡುವಿನ ಸಾಲಿನಲ್ಲಿಟ್ಟ ಟಿನ್ನಿನಿಂದ ಉಬ್ಬಿದ ಕೇಕಿನ ನೆತ್ತಿಗೂ ಮೇಲಿನ ರಾಡಿಗೂ ಏಳು ಸೆಂಟಿಮೀಟರ್ ಅಂತರ ಉಳಿಯಿತು ಎನ್ನೋಣ. ರ್ಯಾಕನ್ನು ಒಂದು ಸಾಲು ಕೆಳಗೆ, ಐದು ಸೆಂಟಿಮೀಟರ್ ಇಳಿಸಿದರೆ ಅಂತರ ಹನ್ನೆರಡಾಗುತ್ತದೆ. ಮೇಲಿನ ರಾಡಿನ ಝಳ ಹೆಚ್ಚುಕಡಿಮೆ ಶೇ 60ಕ್ಕೆ ಇಳಿಯಿತು. ಗೋಡೆಗಳಿಂದ ಚಿಮ್ಮುವ ಝಳ ಈ ಲೆಕ್ಕವನ್ನು ಸ್ವಲ್ಪ ಕಲಕುತ್ತದೆ, ಆದರೆ ದಿಕ್ಕು ಬದಲಾಗುವುದಿಲ್ಲ. ನಾಬಿನಲ್ಲಿ ಹತ್ತು ಡಿಗ್ರಿ ಇಳಿಸುವುದು ಮೇಲೆ ಕೆಳಗೆ ಎರಡನ್ನೂ ಒಟ್ಟಿಗೆ ತಣಿಸುತ್ತದೆ. ರ್ಯಾಕ್ ಇಳಿಸುವುದು ಬಿಸಿಯನ್ನು ನೆತ್ತಿಯಿಂದ ತೆಗೆದು ಅಡಿಗೆ ಕೊಡುತ್ತದೆ. ಬೇಕಾಗಿದ್ದದ್ದು ಇದೇ. ಅಡಿ ಈಗ ಹೆಚ್ಚು ಕಂದಾದರೆ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಖಾಲಿ ಟ್ರೇ ಒಂದನ್ನು ಮರೆಯಾಗಿ ಇಡಬಹುದು. ಅದೇ ಟ್ರೇಯ ಮೇಲೆ ಟಿನ್ ಇಟ್ಟು ಬೇಯಿಸುವವರು ಬಹಳ ಮಂದಿ. ಓಟಿಜಿಯ ಜೊತೆ ಬರುವ ಟ್ರೇ ಒಳಗಿನ ಅಗಲವನ್ನೆಲ್ಲ ತುಂಬುವುದರಿಂದ ಓವನ್ ಎರಡು ಕೋಣೆಯಾಗುತ್ತದೆ. ಕೆಳಗಿನ ಬಿಸಿ ಕೆಳಗೇ ಉಳಿದು, ಕೇಕ್ ಮೇಲಿನ ರಾಡಿನಿಂದಲೇ ಬೇಯಬೇಕಾಗುತ್ತದೆ. ಆ ಸ್ಥಿತಿಯಲ್ಲಿ ಥರ್ಮಾಮೀಟರಿನ ಅಂಕಿಗೆ ಅರ್ಥವೇ ಇಲ್ಲ, ಯಾವ ಕೋಣೆಯ ಅಂಕಿ ಎಂದು ಮೊದಲು ಕೇಳಬೇಕಾಗುತ್ತದೆ. ಟಿನ್ನಿಗೆ ತಂತಿ ರ್ಯಾಕೇ ಸರಿ.

ಯಾವ ಸಾಲಿನಲ್ಲಿ ಯಾವ ಮೂಲೆ ಹೆಚ್ಚು ಕಾಯುತ್ತದೆ ಎಂದು ತಿಳಿಯಲು ಅಗ್ಗದ ಹಾಲುಬ್ರೆಡ್ಡಿಗಿಂತ ಒಳ್ಳೆಯ ಸಾಧನವಿಲ್ಲ. ಕಾದ ಓವನ್ನಿನಲ್ಲಿ, ತಂತಿ ರ್ಯಾಕಿನ ಮೇಲೆ ಆರು ತುಂಡುಗಳನ್ನು ಒತ್ತಾಗಿ ಜೋಡಿಸಿ 180ರಲ್ಲಿ ಎಂಟು ಹತ್ತು ನಿಮಿಷ ಬಿಟ್ಟು, ತೆಗೆದು, ಅದೇ ಜೋಡಣೆಯಲ್ಲಿ ಮೇಜಿನ ಮೇಲೆ ಇಡಬೇಕು. ಹಿಂದಿನ ಎಡ ತುಂಡು ಕಾಫಿಪುಡಿಯ ಬಣ್ಣ, ನಡುವಿನದು ಹೊಂಬಣ್ಣ, ಗಾಜಿನ ಬಾಗಿಲ ಬಳಿಯದು ಇನ್ನೂ ಬಿಳಿ: ಇದು ಆ ಸಾಲಿನ ನಕ್ಷೆ. ಮಗುಚಿ ಅಡಿಯನ್ನೂ ನೋಡಿದರೆ ಮೇಲೆ ಕೆಳಗಿನ ಸಮತೋಲ ಗೊತ್ತಾಗುತ್ತದೆ. ಬ್ರೆಡ್ ಗಾಳಿಯ ಬಿಸಿಯನ್ನೂ ರಾಡಿನ ಝಳವನ್ನೂ ಕೇಕ್ ತೆಗೆದುಕೊಳ್ಳುವಂತೆಯೇ ತೆಗೆದುಕೊಳ್ಳುತ್ತದೆ; ಕಂದಾಗುವ ಕ್ರಿಯೆ ಬಿಸಿ ಏರಿದಂತೆ ಬಹಳ ವೇಗವಾಗುವುದರಿಂದ ಸಣ್ಣ ವ್ಯತ್ಯಾಸವೂ ಬಣ್ಣವಾಗಿ ಕಾಣುತ್ತದೆ. ಮುಂದಿನ ಸಾಲಿಗೆ ಇನ್ನಾರು ತುಂಡು.

ಥರ್ಮಾಮೀಟರನ್ನು ಟೀಕಿಸುವವರಲ್ಲೂ ಒಂದು ಪಂಗಡದೊಂದಿಗೆ ನನಗೆ ಜಗಳವಿದೆ: ಸಕ್ಕರೆ ಪರೀಕ್ಷೆಯವರು. 2010ರಲ್ಲಿ ಬಂದ ಜೆಫ್ ಪಾಟರ್ ಅವರ ‘ಕುಕಿಂಗ್ ಫಾರ್ ಗೀಕ್ಸ್’ ಪುಸ್ತಕ ಇದನ್ನು ಜನಪ್ರಿಯಗೊಳಿಸಿತು. ಸಕ್ಕರೆ ಕರಗುವುದು 186 ಡಿಗ್ರಿಯಲ್ಲಿ; ಆದ್ದರಿಂದ 180ಕ್ಕೆ ಇಟ್ಟ ಓವನ್ನಿನಲ್ಲಿ ಕರಗಬಾರದು, 190ರಲ್ಲಿ ಕರಗಬೇಕು. ತರ್ಕ ಚೊಕ್ಕವಾಗಿದೆ, ಖರ್ಚಿಲ್ಲ, ಅದಕ್ಕೇ ಹರಡಿತು. ಆದರೆ ಇಲಿನಾಯ್ ವಿಶ್ವವಿದ್ಯಾಲಯದ ಶೆಲ್ಲಿ ಶ್ಮಿಟ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ ಸಕ್ಕರೆಗೆ ಮಂಜುಗಡ್ಡೆಗಿರುವ ಹಾಗೆ ಒಂದು ಖಚಿತ ಕರಗುವ ಬಿಂದು ಇಲ್ಲ. ಅದು ಕಾಯುತ್ತ ಕಾಯುತ್ತ ಒಡೆಯುತ್ತದೆ, ಯಾವ ಡಿಗ್ರಿಯಲ್ಲಿ ಕರಗಿದಂತೆ ಕಾಣುತ್ತದೆ ಎಂಬುದು ಎಷ್ಟು ಬೇಗ ಕಾಯಿಸಿದೆವು ಎಂಬುದರ ಮೇಲೆ ನಿಂತಿದೆ. ಇದನ್ನು ಬದಿಗಿಟ್ಟರೂ ಓಟಿಜಿಯಲ್ಲಿ ಈ ಪರೀಕ್ಷೆ ಬೇರೊಂದು ಕಾರಣಕ್ಕೆ ಸೋಲುತ್ತದೆ. ನಮ್ಮ ಉದಾಹರಣೆಯ ಓವನ್ನಿನ ನಾಬನ್ನು ತಿದ್ದಿ ಸರಾಸರಿ 180ಕ್ಕೆ ತಂದಾಗಲೂ ಅದು 166ರಿಂದ 194ರವರೆಗೆ ತೂಗುತ್ತಲೇ ಇರುತ್ತದೆ. ಏರಿದಾಗ ಅಂಚಿನ ಹರಳುಗಳು ಕರಗತೊಡಗುತ್ತವೆ, ಇಳಿದಾಗ ಕರಗಿದ್ದು ಮತ್ತೆ ಹರಳಾಗುವುದಿಲ್ಲ. ಹಾಗಾಗಿ ಸಕ್ಕರೆ ಸರಾಸರಿಯನ್ನು ಹೇಳದೆ ಶಿಖರಗಳನ್ನು ಕೂಡಿಸುತ್ತ ಹೋಗುತ್ತದೆ. ಸರಿಯಾಗಿರುವ ಓವನ್ನನ್ನು ‘ಹೆಚ್ಚು ಬಿಸಿ’ ಎಂದು ದೂರುತ್ತದೆ. ಅದನ್ನು ನಂಬಿ ನಾಬ್ ಇಳಿಸಿದವರ ಕೇಕ್ ನಡುವೆ ಕುಸಿದರೆ ತಪ್ಪು ಹಿಟ್ಟಿನದಲ್ಲ.

‘ಇಷ್ಟೆಲ್ಲ ಏಕೆ, ಅರ್ಧ ಹೊತ್ತಿಗೆ ಟ್ರೇ ತಿರುಗಿಸಿದರಾಯಿತು’ ಎನ್ನುವವರ ಮಾತಿನಲ್ಲಿ ಹುರುಳಿದೆ, ಆದರೆ ಮಿತಿಯೂ ಇದೆ. ತಿರುಗಿಸುವುದು ಎಡ ಬಲ, ಹಿಂದು ಮುಂದಿನ ಅಸಮತೆಯನ್ನು ಹಂಚುತ್ತದೆ. ಮೇಲು ಕೆಳಗಿನದನ್ನು ಮುಟ್ಟುವುದೇ ಇಲ್ಲ. ನಾನ್‌ಖಟಾಯಿಗೆ ಅರ್ಧ ಹೊತ್ತಿನಲ್ಲಿ ತಿರುಗಿಸಿದರೆ ಅಡ್ಡಿಯಿಲ್ಲ. ಕೇಕಿಗೆ ಮಾತ್ರ ಮೂರರಲ್ಲಿ ಎರಡು ಪಾಲು ಸಮಯ ಕಳೆದು ನಡು ಗಟ್ಟಿಯಾದ ಮೇಲೆಯೇ ಬಾಗಿಲು ತೆರೆಯಬೇಕು, ಮುಂಚೆ ತೆರೆದರೆ ಕೂರುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಅಯ್ಯಂಗಾರ್ ಬೇಕರಿಗಳ ಸೌದೆ ಓವನ್ನುಗಳಲ್ಲಿ ಯಾವ ಥರ್ಮಾಮೀಟರ್ ಇತ್ತು? ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ದಪ್ಪ ಇಟ್ಟಿಗೆಯ ಗೂಡು ಬಿಸಿಯನ್ನು ತನ್ನ ಮೈಯಲ್ಲಿ ಹಿಡಿದಿಟ್ಟು ಗಂಟೆಗಟ್ಟಲೆ ಮೆಲ್ಲಗೆ ಬಿಡುತ್ತದೆ. ಬಿಸಿ ತೂಗುವುದಿಲ್ಲ, ಇಳಿಯುತ್ತ ಹೋಗುತ್ತದೆ. ಅಲ್ಲಿ ಅನುಭವಿಯ ಒಂದು ಅಂದಾಜು ಬಹಳ ಹೊತ್ತು ಬಾಳುತ್ತದೆ. ಓಟಿಜಿಯ ತೆಳು ತಗಡಿನ ಗೋಡೆಗೆ ಆ ಸಂಗ್ರಹವಿಲ್ಲ, ಅದರ ಬಿಸಿಯೆಲ್ಲ ರಾಡಿನದೇ. ಆದರೆ ಯಾವುದನ್ನು ಗೂಡಿನ ಒಳಕ್ಕೆ, ಯಾವುದನ್ನು ಬಾಯಿಯ ಹತ್ತಿರಕ್ಕೆ ಇಡಬೇಕು ಎಂದು ಉದ್ದ ಹಿಡಿಯ ಹಲಗೆಯಿಂದ ನಿರ್ಧರಿಸುವ ಬೇಕರಿಯವರು ಮಾಡುತ್ತಿದ್ದುದೂ ಜಾಗದ ಕೆಲಸವೇ. ಆ ಉದಾಹರಣೆ ನನ್ನ ವಾದದ ಪರವಾಗಿಯೇ ನಿಲ್ಲುತ್ತದೆ.

ರ್ಯಾಕಿಗೂ ಆಗದ ಕೆಲಸಗಳಿವೆ. ಸಂಜೆ ವೋಲ್ಟೇಜ್ 230ರಿಂದ 190ಕ್ಕೆ ಬಿದ್ದರೆ ರಾಡಿನ ಶಕ್ತಿ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಬಾಗಿಲು ತೆರೆದು ಟಿನ್ ಇಟ್ಟ ಮೇಲೆ ಓವನ್ ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ, ಬೆಳಗಿನ ಹೊತ್ತು ಮಾಡಿದ ಬ್ರೆಡ್ಡಿನ ನಕ್ಷೆ ಸಂಜೆಗೆ ಪೂರ್ತಿ ಹೊಂದುವುದಿಲ್ಲ. ಒಳಗಿನ ಅಗಲಕ್ಕೆ ಸರಿಯಾಗಿ ಕೂರುವಷ್ಟು ದೊಡ್ಡ ಟಿನ್ ಕೊಂಡವರಿಗಂತೂ ಯಾವ ಸಾಲೂ ನೆರವಾಗದು. ಟಿನ್ನಿನ ಸುತ್ತ ಎರಡು ಮೂರು ಬೆರಳಷ್ಟು ಜಾಗ ಇಲ್ಲದಿದ್ದರೆ ಬಿಸಿ ಗಾಳಿ ಮೇಲೇರಲಾರದು. ಅಂಥ ಟಿನ್ನಿನ ಕೇಕಿನಲ್ಲಿ ಗೋಡೆಗೆ ಹತ್ತಿದ ಅಂಚು ಸುಟ್ಟಿರುತ್ತದೆ, ನಡುವೆ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಿಕೊಂಡು ಬರುತ್ತದೆ.