ಮಹಾಪುರುಷ ಯೋಗದಲ್ಲಿ ಬಿಟ್ಟುಹೋದ ಮಾತು

ಪಂಚ ಮಹಾಪುರುಷ ಯೋಗದ ಲಕ್ಷಣ ಜ್ಯೋತಿಷ್ಯ ಓದಲು ಕುಳಿತ ಮೊದಲ ವಾರದಲ್ಲೇ ಬಾಯಿಪಾಠವಾಗುತ್ತದೆ. ಕುಜ, ಬುಧ, ಗುರು, ಶುಕ್ರ, ಶನಿ ಈ ಐವರಲ್ಲಿ ಯಾರಾದರೂ ಸ್ವಕ್ಷೇತ್ರದಲ್ಲೋ ಉಚ್ಚರಾಶಿಯಲ್ಲೋ ಇದ್ದು, ಆ ರಾಶಿ ಲಗ್ನದಿಂದ ಒಂದು, ನಾಲ್ಕು, ಏಳು ಅಥವಾ ಹತ್ತನೆಯದಾಗಿದ್ದರೆ ಕ್ರಮವಾಗಿ ರುಚಕ, ಭದ್ರ, ಹಂಸ, ಮಾಲವ್ಯ, ಶಶ ಎಂಬ ಯೋಗ. ವರಾಹಮಿಹಿರನ ಬೃಹತ್ಸಂಹಿತೆ ಈ ಎರಡು ಷರತ್ತುಗಳ ಜೊತೆಗೆ ಮೂರನೆಯದೊಂದನ್ನೂ ಹೇಳುತ್ತದೆ: ಗ್ರಹ ಬಲಯುಕ್ತವಾಗಿರಬೇಕು. ಇವತ್ತು ಜಾತಕ ನೋಡುವ ಹೆಚ್ಚಿನವರು ಈ ಮೂರನೆಯದನ್ನು ಕೈಬಿಟ್ಟಿದ್ದಾರೆ. ಯೋಗದ ಬೆಲೆ ಕುಸಿದಿರುವುದು ಅಲ್ಲಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲೆರಡು ಷರತ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂದು ನೋಡಲು ರಾಮನವಮಿಯಂದು ಎಲ್ಲರೂ ನೆನೆಯುವ ಶ್ರೀರಾಮನ ಕುಂಡಲಿಯೇ ಸಾಕು. ಕರ್ಕಾಟಕ ಲಗ್ನ, ಐದು ಗ್ರಹಗಳು ಉಚ್ಚದಲ್ಲಿ. ಪರಂಪರೆಯ ಪ್ರಕಾರ ಲಗ್ನದಲ್ಲೇ ಗುರು, ನಾಲ್ಕನೆಯ ತುಲೆಯಲ್ಲಿ ಶನಿ, ಏಳನೆಯ ಮಕರದಲ್ಲಿ ಕುಜ. ಹಂಸ, ಶಶ, ರುಚಕ ಮೂರೂ ಕೂಡಿಬಂದವು. ಶುಕ್ರನೂ ಮೀನದಲ್ಲಿ ಉಚ್ಚನೇ. ಆದರೆ ಕರ್ಕಾಟಕಕ್ಕೆ ಮೀನ ಒಂಬತ್ತನೆಯ ಮನೆ, ಕೇಂದ್ರವಲ್ಲ. ಹಾಗಾಗಿ ಮಾಲವ್ಯ ಯೋಗವಿಲ್ಲ. ಹತ್ತನೆಯ ಮನೆಯಲ್ಲಿ ರವಿ ಉಚ್ಚನಾಗಿದ್ದರೂ ಈ ಐವರ ಪಂಕ್ತಿಯಲ್ಲಿ ಅವನಿಗೆ ಸ್ಥಾನವಿಲ್ಲ.

ಈಗ ಬರೀ ಈ ಎರಡು ಷರತ್ತು ಎಷ್ಟು ಜನರಿಗೆ ಒದಗುತ್ತವೆ ಎಂದು ಲೆಕ್ಕ ಹಾಕಿ. ಶನಿ 2020ರ ಜನವರಿಯಿಂದ 2025ರ ಮಾರ್ಚ್‌ವರೆಗೆ ಮಕರ, ಕುಂಭಗಳಲ್ಲೇ ಇದ್ದ. ಎರಡೂ ಅವನ ಸ್ವಂತ ಮನೆಗಳು. ದಿನದ ಹನ್ನೆರಡು ಲಗ್ನಗಳಲ್ಲಿ ನಾಲ್ಕಕ್ಕೆ ಅವನಿರುವ ಮನೆ ಕೇಂದ್ರವಾಗುತ್ತದೆ. ಅಂದರೆ ಆ ಐದು ವರ್ಷ ಪ್ರತಿದಿನ ಸುಮಾರು ಎಂಟು ಗಂಟೆ ಕಾಲ ಹುಟ್ಟಿದ ಮಕ್ಕಳೆಲ್ಲ ಶಶ ಯೋಗದವರು! ಐದೂ ಗ್ರಹಗಳನ್ನು ಸೇರಿಸಿದರೆ ಸ್ಥೂಲವಾಗಿ ಮೂವರಲ್ಲಿ ಒಬ್ಬರಿಗೆ ಯಾವುದಾದರೊಂದು ಮಹಾಪುರುಷ ಯೋಗ ಸಿಕ್ಕೇ ಸಿಗುತ್ತದೆ. ಹಂಚಿಕೆಯೂ ಸಮವಲ್ಲ. ಬುಧನ ಉಚ್ಚವೂ ಸ್ವಕ್ಷೇತ್ರವೂ ಮಿಥುನ-ಕನ್ಯೆಗಳಲ್ಲೇ ಮುಗಿಯುವುದರಿಂದ ಭದ್ರ ಯೋಗ ದ್ವಿಸ್ವಭಾವ ಲಗ್ನದವರಿಗೆ ಮಾತ್ರ. ವೃಷಭ, ಸಿಂಹ, ವೃಶ್ಚಿಕ, ಕುಂಭ ಲಗ್ನದವರಿಗೆ ಹಂಸ ಯೋಗ ಎಂದೂ ಬಾರದು. ಮಾಲವ್ಯವೊಂದೇ ಎಲ್ಲ ಲಗ್ನಗಳಿಗೂ ಬರಬಲ್ಲದು.

ಮೂರಕ್ಕೊಂದು ಜಾತಕದಲ್ಲಿ ಇರುವುದನ್ನು ಮಹಾಪುರುಷ ಲಕ್ಷಣ ಎನ್ನಲಾದೀತೆ? ಆದ್ದರಿಂದ ಬಲದ ಮಾತು ಅನಿವಾರ್ಯ.

ಒಂದು ಕಲ್ಪಿತ ಜಾತಕ ತೆಗೆದುಕೊಳ್ಳೋಣ. ಆಗಸ್ಟ್ ತಿಂಗಳು, ಸೂರ್ಯ ಹುಟ್ಟಿ ಕಾಲು ಗಂಟೆ ಕಳೆದಿದೆ. ಲಗ್ನ ಕರ್ಕಾಟಕದ 29ನೇ ಡಿಗ್ರಿ, ಅದೇ ರಾಶಿಯಲ್ಲಿ ಗುರು 21, ರವಿ 25. ಲಗ್ನದಲ್ಲೇ ಉಚ್ಚ ಗುರು ಎಂದು ನೋಡಿದವರು ಹಂಸ ಯೋಗವೆಂದು ಬರೆದುಕೊಡುತ್ತಾರೆ. ಆದರೆ ಗುರುವಿಗೂ ರವಿಗೂ ನಾಲ್ಕೇ ಡಿಗ್ರಿ ಅಂತರ. ಹನ್ನೊಂದು ಡಿಗ್ರಿಯೊಳಗೆ ಬಂದ ಗುರು ಅಸ್ತಂಗತ. ನವಾಂಶ ನೋಡಿದರೆ ಇನ್ನೂ ಕಷ್ಟ: ಕರ್ಕಾಟಕದ 20 ಡಿಗ್ರಿಯಿಂದ 23 ಡಿಗ್ರಿ 20 ಕಲೆಯವರೆಗಿನದು ಏಳನೆಯ ನವಾಂಶ, ಅದು ಮಕರ, ಗುರುವಿನ ನೀಚರಾಶಿ. ರಾಶಿಯಲ್ಲಿ ಉಚ್ಚ, ಅಂಶದಲ್ಲಿ ನೀಚ, ಜೊತೆಗೆ ಅಸ್ತ. ಯೋಗದ ಆಕಾರವಿದೆ, ಅದನ್ನು ನಡೆಸುವ ಶಕ್ತಿ ಗ್ರಹಕ್ಕಿಲ್ಲ. ಇಂಥ ಗುರುವಿನ ದಶೆ ಬಂದಾಗ ಹಂಸ ಯೋಗದ ಪೂರ್ಣಫಲ ಹೇಳುವುದು ಕೇಳಿದವರಿಗೆ ಮಾಡುವ ಅನ್ಯಾಯ.

ಇದೇ ಜಾತಕದಲ್ಲಿ ಲಗ್ನವೂ ಅಂಚಿನಲ್ಲಿದೆ. ಒಂದು ಡಿಗ್ರಿ ಉದಯಿಸಲು ನಾಲ್ಕೈದು ನಿಮಿಷ ಸಾಕು. ಹೆರಿಗೆಯ ಸಮಯವನ್ನು ಐದು ನಿಮಿಷ ಹೆಚ್ಚು ಬರೆದರೆ ಲಗ್ನ ಸಿಂಹವಾಗಿ, ಗುರು ಹನ್ನೆರಡನೆಯ ಮನೆಗೆ ಹೋಗಿ, ಯೋಗವೇ ಇಲ್ಲವಾಗುತ್ತದೆ. ಅಯನಾಂಶ ಬದಲಾದರೂ ಹಾಗೆಯೇ. ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಲಾಹಿರಿಯದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಲಾಹಿರಿಯಲ್ಲಿ 29 ಬಂದ ಈ ಲಗ್ನ ಅವರ ಲೆಕ್ಕದಲ್ಲಿ ಸಿಂಹದ ಆರಂಭಕ್ಕೆ ಬೀಳುತ್ತದೆ. ಲಗ್ನ ರಾಶಿಯ ಮೊದಲ ಅಥವಾ ಕೊನೆಯ ಎರಡು ಡಿಗ್ರಿಯೊಳಗಿದ್ದರೆ, ಯಾವ ಅಯನಾಂಶ, ಯಾವ ಗಡಿಯಾರದ ಸಮಯ ಎಂದು ವಿಚಾರಿಸದೆ ಯೋಗದ ಹೆಸರೆತ್ತಬಾರದು.

ಮಂತ್ರೇಶ್ವರನ ಫಲದೀಪಿಕೆ ಈ ಯೋಗಗಳನ್ನು ಚಂದ್ರನಿಂದಲೂ ಎಣಿಸಬಹುದೆನ್ನುತ್ತದೆ. ಅದನ್ನೂ ಸೇರಿಸಿದರೆ ಯೋಗವಿರುವವರು ಮೂರಕ್ಕೊಬ್ಬರಲ್ಲ, ಹೆಚ್ಚುಕಡಿಮೆ ಇಬ್ಬರಲ್ಲೊಬ್ಬರಾಗುತ್ತಾರೆ. ಗ್ರಂಥದ ಅಧಿಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಲವನ್ನು ಪರೀಕ್ಷಿಸದೆ ಈ ವಿಸ್ತರಣೆಯನ್ನು ಬಳಸುವುದನ್ನು ಒಪ್ಪಲಾರೆ. ಲಗ್ನದಿಂದ ಸಿಗದೆ ಚಂದ್ರನಿಂದ ಮಾತ್ರ ಸಿಕ್ಕ ಯೋಗವನ್ನು ಹಾಗೆಂದೇ ಬರೆದು, ಪಕ್ಕದಲ್ಲಿ ಗ್ರಹದ ಡಿಗ್ರಿ, ನವಾಂಶ, ರವಿಯಿಂದ ದೂರ ಮೂರನ್ನೂ ನಮೂದಿಸಿ ಕೊಡಬೇಕು.