ಪುಟದಲ್ಲಿ ಇಲ್ಲದ್ದನ್ನು ಟೈಟಲ್ ಹೇಳಬಾರದು

ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವರ ಬಿಲ್ಲಿನಲ್ಲಿ ‘ಎಸ್‌ಇಒ’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಆ ಸಾಲಿನ ಲೆಕ್ಕಕ್ಕೆ ನಡೆಯುವ ಕೆಲಸ ಬಹುಮಟ್ಟಿಗೆ ಮೂರು ಜಾಗಗಳಿಗೆ ಸೀಮಿತ. ಹುಡುಕಾಟದ ಫಲಿತಾಂಶದಲ್ಲಿ ನೀಲಿ ಅಕ್ಷರದಲ್ಲಿ ಕಾಣುವ ಟೈಟಲ್, ಅದರ ಕೆಳಗೆ ಬರಬಹುದಾದ ಮೆಟಾ ಡಿಸ್ಕ್ರಿಪ್ಷನ್, ಮತ್ತು ಪುಟದೊಳಗಿನ ಹೆಡಿಂಗ್‌ಗಳು. ಮೊದಲೆರಡಕ್ಕೆ ಒಂದೇ ಪದಗಳ ಮೂಟೆಯನ್ನು ಸುರಿದು, ಹೆಡಿಂಗ್‌ಗಳಿಗೆ ಕೈಗೆ ಸಿಕ್ಕಿದ್ದನ್ನು ಹಾಕುವುದು ರೂಢಿ. ಮೂರರ ಕೆಲಸವೂ ಬೇರೆ, ಮೂರನ್ನೂ ಓದುವವರೂ ಬೇರೆ ಎಂಬುದನ್ನು ಈ ರೂಢಿ ಗಮನಿಸುವುದಿಲ್ಲ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಗೂಗಲ್ ಈಗ ಟೈಟಲನ್ನು ಹಾಗೆಯೇ ನಂಬುವುದಿಲ್ಲ, ಪುಟದ ಮೈಯೊಂದಿಗೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ತಾನೇ ಬೇರೊಂದನ್ನು ಬರೆದು ತೋರಿಸುತ್ತದೆ. ಹಾಗಾಗಿ ಪುಟದ ಮೇಲೆ ಓದುಗನಿಗೆ ಕಾಣುವ ಮಾತಿನಿಂದಲೇ ಈ ಮೂರೂ ಹುಟ್ಟಬೇಕು ಎಂಬುದು ನನ್ನ ವಾದ.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಕೈಮಗ್ಗದ ಸೀರೆ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಪುಟದ ತುಂಬ ಸೀರೆಗಳ ಫೋಟೋ, ನಡುನಡುವೆ ಕನ್ನಡದಲ್ಲಿ ಒಂದೆರಡು ಸಾಲು ವಿವರಣೆ. ರೂಢಿಯಂತೆ ಮಾಡಿಕೊಟ್ಟ ಪುಟದ ತಲೆಭಾಗ ಹೀಗಿರುತ್ತದೆ:

```html
<title>Home | Best Ilkal Saree | No.1 Ilkal Saree Shop | Ilkal Saree Wholesale</title>
<meta name="description" content="ilkal saree, best ilkal saree, ilkal saree price, ilkal saree online">
<h3>ಸ್ವಾಗತ</h3>
<h1>10% ರಿಯಾಯಿತಿ</h1>
<h1>ಕರೆ ಮಾಡಿ</h1>
```

ಈ ಐದು ಸಾಲುಗಳಲ್ಲಿ ಅಂಗಡಿಯ ಹೆಸರಿಲ್ಲ. ರೇಷ್ಮೆಯೋ ಹತ್ತಿಯೋ, ಕೈಮಗ್ಗವೋ ಪವರ್‌ಲೂಮೋ ಎಂಬುದೂ ಇಲ್ಲ. ಸೀರೆ ಕೊಳ್ಳಲು ಬಂದವರು ಮೊದಲು ಕೇಳುವ ಪ್ರಶ್ನೆಗಳೇ ಇವು. ಮುಖ್ಯ ಹೆಡಿಂಗ್ ಎಂದು ಗುರುತು ಹಾಕಿದ ಸಾಲುಗಳು ರಿಯಾಯಿತಿಯ ಘೋಷಣೆ ಮತ್ತು ಫೋನ್ ಮಾಡಲು ಆಹ್ವಾನ. ಅಕ್ಷರ ದಪ್ಪಗೆ ಕಾಣಲಿ ಎಂದು ಅವಕ್ಕೆ `h1` ಹಾಕಿದ್ದು ಬಿಟ್ಟರೆ ಬೇರೆ ಕಾರಣವಿಲ್ಲ. ಅಕ್ಷರದ ಗಾತ್ರ ಸಿಎಸ್‌ಎಸ್‌ನ ಕೆಲಸ. ಮುಂದೆ ಬರುವ ಭಾಗ ಯಾವುದರ ಬಗ್ಗೆ ಎಂದು ಹೇಳುವುದು ಹೆಡಿಂಗ್‌ನ ಕೆಲಸ.

ಟೈಟಲ್ ಹುಡುಕಾಟದ ಶ್ರೇಯಾಂಕಕ್ಕೆ ನೇರವಾಗಿ ನೆರವಾಗುತ್ತದೆ, ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದೂ ಅದೇ. ಬೇರೆಲ್ಲವನ್ನೂ ಬಿಟ್ಟು ಒಂದನ್ನೇ ಸರಿಪಡಿಸಲು ಸಮಯವಿದ್ದರೆ ಇದನ್ನು ಸರಿಪಡಿಸಬೇಕು. 2021ರ ಆಗಸ್ಟ್‌ನಲ್ಲಿ ಗೂಗಲ್ ಟೈಟಲ್ ತೋರಿಸುವ ತನ್ನ ಪದ್ಧತಿಯನ್ನು ಬದಲಿಸಿತು. ಪುಟದ ಮುಖ್ಯ ಹೆಡಿಂಗ್, ದೊಡ್ಡದಾಗಿ ಕಾಣುವ ಪಠ್ಯ, ಬೇರೆ ಪುಟಗಳು ಕೊಂಡಿ ಕೊಡುವಾಗ ಬಳಸಿದ ಮಾತು, ಇವುಗಳಿಂದಲೂ ಆಯ್ದು ಟೈಟಲ್ ರೂಪಿಸತೊಡಗಿತು. ಸೈಟ್ ನಡೆಸುವವರಿಂದ ದೂರುಗಳು ಬಂದ ಮೇಲೆ ಸೆಪ್ಟೆಂಬರ್‌ನಲ್ಲಿ ಅದನ್ನು ಮತ್ತೆ ತಿದ್ದಿ, ಈಗ ಸುಮಾರು ಶೇಕಡಾ 87 ಸಂದರ್ಭಗಳಲ್ಲಿ ಪುಟದವರು ಬರೆದ ಟೈಟಲನ್ನೇ ಬಳಸುತ್ತೇವೆ ಎಂದು ತಿಳಿಸಿತು. ಉಳಿದ ಪಾಲು ಯಾವುದು ಎಂಬುದು ಮುಖ್ಯ. ಟೈಟಲ್ ಖಾಲಿ ಬಿಟ್ಟವರು, ಒಂದೇ ಪದವನ್ನು ಮತ್ತೆ ಮತ್ತೆ ತುರುಕಿದವರು, ಎಲ್ಲ ಪುಟಗಳಿಗೂ ಒಂದೇ ಟೈಟಲ್ ಅಂಟಿಸಿದವರು, ಪುಟದಲ್ಲಿರುವುದನ್ನು ಬಿಟ್ಟು ಬೇರೇನನ್ನೋ ಹೇಳಿದವರು ಈ ಪಾಲಿಗೆ ಸೇರುತ್ತಾರೆ. ನಮ್ಮ ಸೀರೆ ಅಂಗಡಿಯ ಟೈಟಲ್ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ತಪ್ಪು ಮಾಡಿದೆ. ಗೂಗಲ್ ಅದನ್ನು ಕೈಬಿಟ್ಟು ಪುಟದ `h1` ಕಡೆ ನೋಡಿದರೆ ಅಲ್ಲಿ ಸಿಗುವುದು ‘10% ರಿಯಾಯಿತಿ’. ಆಗ ಅಂಗಡಿಯ ಹೆಸರಿರಬೇಕಾದ ಜಾಗದಲ್ಲಿ ಎಂದೋ ಮುಗಿದುಹೋದ ರಿಯಾಯಿತಿ ಬಂದು ಕೂರುವ ಸಾಧ್ಯತೆ ಉಂಟು.

ಕನ್ನಡದ ಪುಟಗಳಿಗೆ ಇನ್ನೂ ಹತ್ತಿರದ ಸಂಗತಿ 2022ರ ಜೂನ್‌ನಲ್ಲಿ ನಡೆಯಿತು. ಪುಟದ ಮೈ ಒಂದು ಭಾಷೆ ಅಥವಾ ಲಿಪಿಯಲ್ಲಿದ್ದು ಟೈಟಲ್ ಇನ್ನೊಂದರಲ್ಲಿದ್ದರೆ, ಮೈಗೆ ಹೊಂದುವ ಭಾಷೆ ಮತ್ತು ಲಿಪಿಯ ಟೈಟಲನ್ನು ಆಯ್ದು ತೋರಿಸುವುದಾಗಿ ಗೂಗಲ್ ಪ್ರಕಟಿಸಿತು. ಒಳಗೆಲ್ಲ ಕನ್ನಡ ಬರೆದು ತಲೆಗೆ ಮಾತ್ರ ಇಂಗ್ಲಿಷ್ ಹಾಕುವ ನಮ್ಮ ರೂಢಿಗೆ ಇದು ನೇರವಾಗಿ ತಾಗುತ್ತದೆ. ಇಲ್ಲಿ ಏಳುವ ಆಕ್ಷೇಪಣೆ ತೂಕದ್ದೇ. ಗಿರಾಕಿಗಳು ಮೊಬೈಲ್‌ನಲ್ಲಿ `ilkal saree` ಎಂದೇ ಟೈಪಿಸುತ್ತಾರೆ, ಕನ್ನಡ ಟೈಟಲ್ ಇಟ್ಟರೆ ಅವರಿಗೆ ಹೇಗೆ ಸಿಗುತ್ತೇವೆ ಎಂದು ಅಂಗಡಿಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಕನ್ನಡ ಪುಟದ ತಲೆಗೆ ಇಂಗ್ಲಿಷ್ ಅಂಟಿಸುವುದರಲ್ಲಿಲ್ಲ. ಇಂಗ್ಲಿಷ್‌ನಲ್ಲಿ ಹುಡುಕುವವರು ಸಾಕಷ್ಟಿದ್ದರೆ ಅವರು ಓದಬಲ್ಲ ಇಂಗ್ಲಿಷ್ ಪುಟ ಬೇರೆಯೇ ಇರಲಿ, ಅದಕ್ಕೆ ಇಂಗ್ಲಿಷ್ ಟೈಟಲ್ ಇರಲಿ. ಒಂದು ಇನ್ನೊಂದರ ಭಾಷಾರೂಪ ಎಂದು ಎರಡೂ ಪುಟಗಳಲ್ಲಿ `hreflang` ಗುರುತು ಹಾಕಿದರೆ ಯಾರಿಗೆ ಯಾವುದನ್ನು ತೋರಿಸಬೇಕೆಂದು ಗೂಗಲ್‌ಗೆ ಸುಳಿವು ಸಿಗುತ್ತದೆ. ಗಿರಾಕಿಗಳು ಯಾವ ಲಿಪಿಯಲ್ಲಿ ಹುಡುಕುತ್ತಿದ್ದಾರೆ ಎಂಬುದನ್ನು ಊಹಿಸುತ್ತ ಕೂರಬೇಕಾಗಿಯೂ ಇಲ್ಲ. ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತ, ಜನ ಟೈಪಿಸಿದ ಪದಗಳನ್ನು ಅದು ಅವರು ಬರೆದ ಲಿಪಿಯಲ್ಲೇ ಪಟ್ಟಿ ಮಾಡಿ ಕೊಡುತ್ತದೆ.

ಟೈಟಲ್‌ನ ಉದ್ದದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. 60 ಅಕ್ಷರ ದಾಟಬಾರದು ಎನ್ನುತ್ತಾರೆ, ಅದನ್ನು ಎಣಿಸಿ ಕೆಂಪು ಗುರುತು ತೋರಿಸುವ ಪ್ಲಗಿನ್‌ಗಳೂ ಇವೆ. ಗೂಗಲ್ ಅಂಥ ಮಿತಿಯನ್ನು ಹೇಳಿಲ್ಲ. ಪರದೆಯಲ್ಲಿ ಜಾಗ ಮುಗಿದಲ್ಲಿ ಟೈಟಲ್ ತುಂಡಾಗುತ್ತದೆ, ಅಷ್ಟೇ. ಕನ್ನಡದ ವಿಷಯದಲ್ಲಿ ಈ ಎಣಿಕೆಯೇ ದಾರಿ ತಪ್ಪಿಸುತ್ತದೆ. ‘ಚನ್ನಪಟ್ಟಣ’ ಎಂಬುದು ಓದುವವರಿಗೆ ಐದು ಅಕ್ಷರ, ಯಂತ್ರದ ಲೆಕ್ಕದಲ್ಲಿ ಒಂಬತ್ತು ಸಂಕೇತ, ಏಕೆಂದರೆ ಒತ್ತಕ್ಷರವನ್ನು ಅದು ಮೂರಾಗಿ ಒಡೆದು ಎಣಿಸುತ್ತದೆ. ಪ್ಲಗಿನ್‌ನ ಕೆಂಪು ಗುರುತಿಗೆ ಹೆದರಿ ಊರಿನ ಹೆಸರನ್ನೋ ಸರಕಿನ ಹೆಸರನ್ನೋ ಕತ್ತರಿಸುವುದು ನಷ್ಟದ ವ್ಯವಹಾರ. ಮುಖ್ಯವಾದ ಮಾತು ಮೊದಲು ಬರಲಿ, ಅಂಗಡಿಯ ಹೆಸರು ಕೊನೆಗಿರಲಿ. ನಂತರ ಒಮ್ಮೆ ಫೋನಿನಲ್ಲಿ ಹುಡುಕಿ ಎಲ್ಲಿ ತುಂಡಾಗಿದೆ ಎಂದು ಕಣ್ಣಾರೆ ನೋಡಿದರೆ ಸಾಕು.

ಮೆಟಾ ಡಿಸ್ಕ್ರಿಪ್ಷನ್‌ನ ಸಂಗತಿ ಬೇರೆ. ಕೀವರ್ಡ್ಸ್ ಮೆಟಾ ಟ್ಯಾಗನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲಿ ಬಹಿರಂಗವಾಗಿ ಹೇಳಿದಾಗಲೇ, ಡಿಸ್ಕ್ರಿಪ್ಷನ್ ಕೂಡ ಶ್ರೇಯಾಂಕಕ್ಕಿಲ್ಲ, ಕೆಲವೊಮ್ಮೆ ಫಲಿತಾಂಶದ ಕೆಳಗೆ ತೋರಿಸಲು ಮಾತ್ರ ಎಂದಿತ್ತು. ಇಷ್ಟು ವರ್ಷಗಳ ಮೇಲೂ ಅದಕ್ಕೆ ಅಲ್ಪವಿರಾಮ ಹಾಕಿದ ಪದಗಳ ಸರಮಾಲೆ ತುಂಬುವುದು ಶುದ್ಧ ದಂಡ. ಇದನ್ನು ಓದುವವರು ಮನುಷ್ಯರು, ಒತ್ತಲೋ ಬೇಡವೋ ಎಂದು ಅರೆಕ್ಷಣ ಯೋಚಿಸುವ ಗಿರಾಕಿ. ಗೂಗಲ್ ಬಹಳ ಸಲ ಇದನ್ನೂ ಬಿಟ್ಟು ಪುಟದಿಂದಲೇ ಸಾಲು ಎತ್ತಿಕೊಳ್ಳುತ್ತದೆ, ಮತ್ತೇಕೆ ಬರೆಯಬೇಕು ಎನ್ನುವವರಿದ್ದಾರೆ. ಉದ್ದನೆಯ ಲೇಖನಗಳ ಸೈಟಿಗೆ ಈ ವಾದ ಸರಿಹೋಗಬಹುದು, ಫೋಟೋ ತುಂಬಿದ ಸೀರೆ ಅಂಗಡಿಗೆ ಸರಿಹೋಗದು. ಎತ್ತಿಕೊಳ್ಳಲು ಅಲ್ಲಿ ಪಠ್ಯವೇ ಕಡಿಮೆ. ಬರೆದಿಡದಿದ್ದರೆ ‘ಸ್ವಾಗತ, ಕರೆ ಮಾಡಿ, ಕಾರ್ಟ್‌ಗೆ ಸೇರಿಸಿ’ ಎಂಬಂಥ ಬಿಡಿ ಮಾತುಗಳೇ ಗಿರಾಕಿಯ ಕಣ್ಣಿಗೆ ಬೀಳುತ್ತವೆ. ಪುಟದಲ್ಲಿ ಪಠ್ಯ ಕಡಿಮೆಯಿದ್ದಷ್ಟೂ ಡಿಸ್ಕ್ರಿಪ್ಷನ್‌ನ ಎರಡು ಸಾಲಿಗೆ ಬೆಲೆ ಹೆಚ್ಚು.

ಹೆಡಿಂಗ್‌ಗಳ ಕ್ರಮದ ವಿಷಯದಲ್ಲಿ ಎಸ್‌ಇಒ ಮಾರುವವರ ಮಾತನ್ನು ನಾನು ಒಪ್ಪುವುದಿಲ್ಲ, ಆದರೂ ಅವರು ಹೇಳುವ ಕೆಲಸವನ್ನು ಮಾಡಿ ಎನ್ನುತ್ತೇನೆ. `h1` ಒಂದೇ ಇರಬೇಕು, `h2` ಬಿಟ್ಟು `h3` ಬಂದರೆ ಗೂಗಲ್ ಶಿಕ್ಷಿಸುತ್ತದೆ ಎಂದು ಅವರು ಹೆದರಿಸುತ್ತಾರೆ. ಹೆಡಿಂಗ್‌ಗಳು ಕ್ರಮ ತಪ್ಪಿದರೂ ಹುಡುಕಾಟದ ದೃಷ್ಟಿಯಿಂದ ಚಿಂತೆಯಿಲ್ಲ ಎಂದು ಗೂಗಲ್‌ನ ಆರಂಭಿಕ ಕೈಪಿಡಿಯೇ ಹೇಳುತ್ತದೆ. ಕ್ರಮದಿಂದ ನಿಜವಾದ ಲಾಭ ಸ್ಕ್ರೀನ್ ರೀಡರ್ ಬಳಸುವವರಿಗೆ ಎಂಬುದನ್ನೂ ಅದೇ ಕೈಪಿಡಿ ಹೇಳುತ್ತದೆ. ಕಣ್ಣು ಕಾಣದವರು ಉದ್ದನೆಯ ಪುಟದಲ್ಲಿ ಹೆಡಿಂಗ್‌ನಿಂದ ಹೆಡಿಂಗ್‌ಗೆ ಜಿಗಿಯುತ್ತ ತಮಗೆ ಬೇಕಾದ ಭಾಗ ಹುಡುಕುತ್ತಾರೆ. ನಮ್ಮ ಅಂಗಡಿಯ ಪುಟದಲ್ಲಿ ಅವರ ಕಿವಿಗೆ ಬೀಳುವುದು ‘ಸ್ವಾಗತ’, ‘10% ರಿಯಾಯಿತಿ’, ‘ಕರೆ ಮಾಡಿ’. ಸೀರೆ ಎಂಬ ಮಾತೇ ಇಲ್ಲ. ಹುಡುಕುಯಂತ್ರಕ್ಕೂ ಹೆಡಿಂಗ್‌ನ ಮಟ್ಟಕ್ಕಿಂತ ಅದರೊಳಗಿನ ಮಾತು ಮುಖ್ಯ. ಹಾಗಿದ್ದೂ ಕ್ರಮಕ್ಕೆ ಒಂದು ಉಪಕಾರವಿದೆ. ಕ್ರಮವಾಗಿ ಬರೆಯಲು ಕುಳಿತವರಿಗೆ ತಮ್ಮ ಪುಟದಲ್ಲಿ ಏನೇನಿದೆ, ಏನಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಹೆಡಿಂಗ್‌ಗಳನ್ನು ಮೊದಲು ಬರೆಯಿರಿ, `h1`ನಿಂದ ಟೈಟಲ್ ಮಾಡಿಕೊಳ್ಳಿ, `h2`ಗಳಿಂದ ಡಿಸ್ಕ್ರಿಪ್ಷನ್ ಬರೆಯಿರಿ. ಹಾಗೆ ಮಾಡಿದರೆ ಅದೇ ಪುಟ ಹೀಗಾಗುತ್ತದೆ:

```html
<html lang="kn">
<title>ಇಳಕಲ್ ಕೈಮಗ್ಗದ ಸೀರೆ: ರೇಷ್ಮೆ, ಹತ್ತಿ | ಅಂಗಡಿಯ ಹೆಸರು</title>
<meta name="description" content="ಇಳಕಲ್‌ನಲ್ಲೇ ನೇಯ್ದ ರೇಷ್ಮೆ ಮತ್ತು ಹತ್ತಿ ಸೀರೆಗಳು. ಚಿಕ್ಕಿ, ಗೋಮಿ ದಡಿ. ಸಗಟು ಖರೀದಿಯೂ ಇದೆ.">
<h1>ಇಳಕಲ್ ಕೈಮಗ್ಗದ ಸೀರೆಗಳು</h1>
<h2>ರೇಷ್ಮೆ ಸೀರೆ</h2>
<h3>ಚಿಕ್ಕಿ ದಡಿ</h3>
<h3>ಗೋಮಿ ದಡಿ</h3>
<h2>ಹತ್ತಿ ಸೀರೆ</h2>
<h2>ಸಗಟು ಖರೀದಿ</h2>
```

ಇಲ್ಲಿ ಟೈಟಲ್ ಹೇಳಿದ್ದನ್ನು `h1` ಒಪ್ಪುತ್ತದೆ, ಡಿಸ್ಕ್ರಿಪ್ಷನ್‌ನ ಪ್ರತಿ ಮಾತಿಗೂ ಪುಟದಲ್ಲಿ ಒಂದು ಭಾಗವಿದೆ. `lang="kn"` ಎಂಬ ಗುರುತನ್ನು ನೋಡಿ ಗೂಗಲ್ ಭಾಷೆ ನಿರ್ಧರಿಸುವುದಿಲ್ಲ, ಅದು ಪಠ್ಯವನ್ನೇ ನೋಡುತ್ತದೆ. ಸ್ಕ್ರೀನ್ ರೀಡರ್ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಆ ಗುರುತು ಬೇಕು. ಬ್ಯಾನರ್ ಚಿತ್ರದೊಳಗೆ ಅಂದವಾಗಿ ಬರೆಸಿದ ಅಂಗಡಿಯ ಹೆಸರು ಹೆಡಿಂಗ್ ಆಗುವುದಿಲ್ಲ ಎಂಬುದನ್ನೂ ಇದರ ಜೊತೆ ಸೇರಿಸಬೇಕು. ಅದು ಅಕ್ಷರವಾಗಿಯೇ ಪುಟದಲ್ಲಿರಬೇಕು.

ಸಣ್ಣ ವ್ಯಾಪಾರಕ್ಕೆ ಇವೆಲ್ಲಕ್ಕಿಂತ ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿ ಕಾಣುವುದು ಮುಖ್ಯ ಎಂಬ ಆಕ್ಷೇಪಣೆ ಉಳಿಯುತ್ತದೆ. ‘ಹತ್ತಿರದ ಸೀರೆ ಅಂಗಡಿ’ ಎಂದು ಹುಡುಕುವವರ ಮಟ್ಟಿಗೆ ಅದು ನಿಜ. ಅಲ್ಲಿ ದೂರ, ಅಂಗಡಿಯ ಗೂಗಲ್ ಪ್ರೊಫೈಲ್, ಗಿರಾಕಿಗಳ ಅಭಿಪ್ರಾಯಗಳೇ ನಡೆಯುವುದು, ಟೈಟಲ್ ತಿದ್ದಿ ಅದನ್ನು ಗೆಲ್ಲಲಾಗದು. ಆದರೆ ಇಳಕಲ್ ಸೀರೆಯನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಹುಡುಕುವವರಿಗೆ ದೂರದ ಲೆಕ್ಕವಿಲ್ಲ, ಅವರು ಹುಡುಕುವುದು ಸರಕನ್ನು. ಅವರನ್ನು ಅಂಗಡಿಗೆ ತಲುಪಿಸುವುದು ಪುಟವೇ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಪರಿಣತಿ ಬೇಕಿಲ್ಲ. ಸರ್ಚ್ ಕನ್ಸೋಲ್‌ನಲ್ಲಿ ಪುಟ ಬಹಳ ಸಲ ಕಂಡಿದ್ದೂ ಕ್ಲಿಕ್ ಬರುತ್ತಿಲ್ಲವಾದರೆ ಮೊದಲು ಟೈಟಲ್ ಮತ್ತು ಡಿಸ್ಕ್ರಿಪ್ಷನ್ ಅನ್ನು ಅನುಮಾನಿಸಿ. ಕಂಡೇ ಇಲ್ಲವಾದರೆ ತೊಂದರೆ ಇನ್ನೂ ಆಳದಲ್ಲಿದೆ, ಗೂಗಲ್ ಆ ಪುಟವನ್ನು ದಾಖಲಿಸಿಕೊಂಡಿದೆಯೇ ಎಂದು ಮೊದಲು ನೋಡಬೇಕು. ತಿದ್ದಿದ ಟೈಟಲ್ ಫಲಿತಾಂಶದಲ್ಲಿ ಕಾಣಲು ಕೆಲವು ದಿನಗಳೋ ವಾರಗಳೋ ಹಿಡಿಯುತ್ತವೆ, ಮರುದಿನವೇ ಮತ್ತೆ ತಿದ್ದಲು ಹೋಗಬೇಡಿ. ಅಂಗಡಿ ನಡೆಸುವವರಲ್ಲಿ ಒಂದೇ ವಿನಂತಿ. ಎಸ್‌ಇಒ ಎಂದು ಬರೆದ ಮುಂದಿನ ಬಿಲ್ಲಿಗೆ ದುಡ್ಡು ಕೊಡುವ ಮೊದಲು ಗೂಗಲ್‌ನಲ್ಲಿ `site:` ಎಂದು ಬರೆದು, ಜಾಗ ಬಿಡದೆ ನಿಮ್ಮ ವಿಳಾಸ ಹಾಕಿ ಹುಡುಕಿ. ಸಾಲಾಗಿ ಬರುವ ಟೈಟಲ್‌ಗಳನ್ನು ನಿಮ್ಮ ಅಂಗಡಿಯನ್ನೇ ನೋಡದವರೊಬ್ಬರಿಗೆ ಓದಿ ಹೇಳಿ, ಇಲ್ಲಿ ಏನು ಮಾರುತ್ತಾರೆ ಎಂದು ಕೇಳಿ. ಅವರಿಗೆ ಹೇಳಲಾಗದಿದ್ದರೆ ಆ ಕೆಲಸ ಇನ್ನೂ ಆಗಿಲ್ಲ.