ಸರಳವಾಗಿದೆ, ಆದರೆ ಟೀಚರಿಗೆ ಏನು ಸಿಕ್ಕಿತು?

ಮನೋವೈಜ್ಞಾನಿಕ ಪರೀಕ್ಷೆ ಮುಗಿದ ಮೇಲೆ ಶಾಲೆಗೆ ಕಳಿಸುವ ಒಂದು ಪುಟದ ಸಾರಾಂಶಕ್ಕೆ ಈಗ ಒಳ್ಳೆಯ ಹೆಸರಿದೆ. ಹನ್ನೆರಡು ಪುಟದ ವರದಿ, ಅಂಕಪಟ್ಟಿ, ರೋಗನಿರ್ಣಯದ ಸಂಕೇತಸಂಖ್ಯೆ ಎಲ್ಲವನ್ನೂ ಬದಿಗಿಟ್ಟು, ಟೀಚರಿಗೆ ಅರ್ಥವಾಗುವ ಮಾತಿನಲ್ಲಿ ಬರೆದರೆ ಸಾಕೆಂಬ ನಂಬಿಕೆ ನಮ್ಮ ಮನಶ್ಶಾಸ್ತ್ರಜ್ಞರಲ್ಲಿ ಗಟ್ಟಿಯಾಗಿದೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಕಷ್ಟದ ಪದಗಳನ್ನು ತೆಗೆದ ಮಾತ್ರಕ್ಕೆ ಸಾರಾಂಶ ಸ್ಪಷ್ಟವಾಗುವುದಿಲ್ಲ. ಎಷ್ಟೋ ಸಲ ಪದದ ಜೊತೆಗೆ ಅದರೊಳಗಿದ್ದ ವಿಷಯವೂ ಹೋಗಿರುತ್ತದೆ.

ಪರೀಕ್ಷೆಗಳ ಬಗ್ಗೆ ನಮ್ಮಲ್ಲಿ ಕೆಲಸ ಆಗಿಲ್ಲವೆಂದಲ್ಲ. ವಿ. ವಿ. ಕಾಮತರು ಧಾರವಾಡದಲ್ಲಿ ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದು ಸ್ವಾತಂತ್ರ್ಯಕ್ಕೂ ಮೊದಲು. ಕಲಿಕಾ ತೊಂದರೆ ಗುರುತಿಸಲು ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ಇಂದಿಗೂ ಬಳಕೆಯಲ್ಲಿದೆ. ಆದರೆ ಆ ಪರೀಕ್ಷೆಗಳಿಂದ ಹೊರಬಂದು ತರಗತಿಗೆ ತಲುಪುವ ಪುಟವನ್ನು ಕೂತು ವಿಮರ್ಶೆ ಮಾಡಿದವರು ಕಡಿಮೆ.

ಇಂಥ ಪುಟಗಳ ಧಾಟಿಯನ್ನು ಒಟ್ಟುಮಾಡಿ ಒಂದು ಮಾದರಿ ಕಟ್ಟಿದ್ದೇನೆ. ನಾಲ್ಕನೇ ತರಗತಿಯ ಒಂಬತ್ತು ವರ್ಷದ ಹುಡುಗಿಯ ಕುರಿತದ್ದು: ‘ಬುದ್ಧಿಮಟ್ಟ ಸಾಮಾನ್ಯವಾಗಿದೆ. ನೆನಪಿನ ಶಕ್ತಿ ಕಡಿಮೆ. ಓದು ಬರಹದಲ್ಲಿ ಹಿಂದುಳಿದಿದ್ದಾಳೆ. ಏಕಾಗ್ರತೆ ಸಾಲದು. ಪ್ರೀತಿ, ತಾಳ್ಮೆಯಿಂದ ಕಲಿಸಿದರೆ ಸುಧಾರಣೆ ಸಾಧ್ಯ.’

ಇದರಲ್ಲಿ ಒಂದೂ ಕಷ್ಟದ ಪದವಿಲ್ಲ, ಟೀಚರ್ ಹಿಡಿದುಕೊಂಡು ಕೆಲಸ ಮಾಡಬಹುದಾದ ಮಾತೂ ಒಂದಿಲ್ಲ. ‘ನೆನಪಿನ ಶಕ್ತಿ ಕಡಿಮೆ’ ಎಂಬ ವಾಕ್ಯವನ್ನೇ ನೋಡಿ. ಈ ಹುಡುಗಿಗೆ ಹೋದ ವರ್ಷದ ಶಾಲಾ ವಾರ್ಷಿಕೋತ್ಸವದ ಹಾಡು ಪೂರ್ತಿ ಬರುತ್ತದೆ, ಗೆಳತಿಯರ ಮನೆಮಂದಿಯ ಹೆಸರೆಲ್ಲ ಗೊತ್ತು ಎಂದಿಟ್ಟುಕೊಳ್ಳಿ. ಟೀಚರ್ ಇದನ್ನು ದಿನವೂ ನೋಡುತ್ತಿದ್ದಾರೆ. ವರದಿ ಓದಿದ ಮೇಲೆ ಅವರಿಗೆ ಉಳಿಯುವುದು ಎರಡೇ ತೀರ್ಮಾನ: ಪರೀಕ್ಷೆ ತಪ್ಪಾಗಿದೆ, ಇಲ್ಲವೇ ಪಾಠದ ವಿಷಯದಲ್ಲಿ ಮಾತ್ರ ಹುಡುಗಿ ಬೇಕೆಂದೇ ಮರೆಯುತ್ತಾಳೆ. ಎರಡನೆಯ ತೀರ್ಮಾನದಿಂದ ಪೆಟ್ಟು ಬೀಳುವುದು ಮಗುವಿಗೆ.

ಪರೀಕ್ಷೆಯ ಕೋಣೆಯಲ್ಲಿ ಆಗಿದ್ದೇ ಬೇರೆ. ಸೆಕೆಂಡಿಗೊಂದರಂತೆ ಅಂಕೆಗಳನ್ನು ಹೇಳಿದಾಗ ಆಕೆ ಐದು ಅಂಕೆಗಳನ್ನು ಅದೇ ಕ್ರಮದಲ್ಲಿ ತಿರುಗಿ ಹೇಳಿದಳು. ಆ ವಯಸ್ಸಿಗೆ ಅದು ಸರಿಯಾಗಿಯೇ ಇದೆ. ಹಿಂದುಮುಂದಾಗಿ ಹೇಳು ಎಂದಾಗ ಎರಡಕ್ಕೇ ನಿಂತಳು. ಆ ವಯಸ್ಸಿನ ಬಹುತೇಕ ಮಕ್ಕಳು ಮೂರೋ ನಾಲ್ಕೋ ಹೇಳುತ್ತಾರೆ. ಕೇಳಿದ ಕಥೆಯನ್ನು ಮಾತ್ರ ಚೆನ್ನಾಗಿ ತಿರುಗಿ ಹೇಳಿದಳು. ಅಂದರೆ ನೆನಪು ಕಡಿಮೆಯಿಲ್ಲ. ಒಂದನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಅದರ ಮೇಲೆ ಇನ್ನೊಂದು ಕೆಲಸ ಮಾಡಬೇಕಾದಾಗ ಮೊದಲಿನದು ಜಾರುತ್ತದೆ. ಮನಶ್ಶಾಸ್ತ್ರಜ್ಞರಿಗೆ ಗೊತ್ತಿದ್ದ ಈ ವ್ಯತ್ಯಾಸವೇ ಸರಳೀಕರಣದಲ್ಲಿ ಅಳಿಸಿಹೋಗಿದೆ.

ಅದೇ ಜಾಗದಲ್ಲಿ ಹೀಗೆ ಬರೆಯಬಹುದಿತ್ತು: ‘ಕೇಳಿದ ಕಥೆ, ಹಾಡು ಇವಳಿಗೆ ಚೆನ್ನಾಗಿ ನೆನಪಿರುತ್ತವೆ. ಆದರೆ ಉಕ್ತಲೇಖನದಲ್ಲಿ ಒಂದು ಒತ್ತಕ್ಷರದ ಆಕಾರ ನೆನಪಿಸಿಕೊಳ್ಳುವಷ್ಟರಲ್ಲಿ ವಾಕ್ಯದ ಉಳಿದ ಪದಗಳು ಹೋಗಿಬಿಡುತ್ತವೆ. ಒಟ್ಟಿಗೆ ಮೂರು ಕೆಲಸ ಹೇಳಿದರೆ ಮೊದಲನೆಯದನ್ನು ಮಾತ್ರ ಮಾಡುತ್ತಾಳೆ. ಇದು ಉದಾಸೀನವಲ್ಲ. ಉಕ್ತಲೇಖನವನ್ನು ಎರಡು ಮೂರು ಪದಗಳಂತೆ ಒಡೆದು ಹೇಳಿ, ಬರೆದು ಮುಗಿಸಿದ ಮೇಲೆ ಮುಂದಿನ ಪದಗಳನ್ನು ಹೇಳಿ. ಬಿಟ್ಟುಹೋಗುವ ಪದಗಳು ಕಡಿಮೆಯಾಗುತ್ತವೆಯೇ ಎಂದು ಒಂದು ತಿಂಗಳು ಗಮನಿಸಿ.’ ಉದ್ದ ಹೆಚ್ಚಾಯಿತು, ಒಪ್ಪುತ್ತೇನೆ. ಆದರೆ ಟೀಚರ್ ತಾವು ಕಂಡದ್ದರ ಜೊತೆ ಹೋಲಿಸಿ ನೋಡಬಹುದಾದ, ತಪ್ಪಿದ್ದರೆ ತಪ್ಪೆನ್ನಬಹುದಾದ ಮಾತು ಇದು.

‘ಓದು ಬರಹದಲ್ಲಿ ಹಿಂದುಳಿದಿದ್ದಾಳೆ’ ಎಂಬುದಂತೂ ಟೀಚರ್ ಹೇಳಿ ಕಳಿಸಿದ ದೂರೇ. ಅದನ್ನೇ ಅವರಿಗೆ ಹಿಂತಿರುಗಿಸಲಾಗಿದೆ. ಕನ್ನಡದ ಮಟ್ಟಿಗೆ ಇಲ್ಲಿ ಹೇಳಲೇಬೇಕಾದ ಸಂಗತಿಯೊಂದಿದೆ. ಕನ್ನಡದ ಅಕ್ಷರಗಳೆಲ್ಲ ಕೈಗೆ ಬರಲು ಮಕ್ಕಳಿಗೆ ಹಲವು ವರ್ಷ ಬೇಕು ಎಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಹಾಗಾಗಿ ನಾಲ್ಕನೇ ತರಗತಿಯಲ್ಲಿ ‘ರಾಷ್ಟ್ರ’ ಎಂಬಲ್ಲಿ ಎಡವಿದ ಮಾತ್ರಕ್ಕೆ ಅದು ತೊಂದರೆಯ ಗುರುತಲ್ಲ. ಸಹಪಾಠಿಗಳು ದಾಟಿಹೋದ ‘ಕಿ–ಕೀ’, ‘ಕೆ–ಕೇ’ಗಳಲ್ಲಿ ಈಕೆ ಇನ್ನೂ ಗೊಂದಲಪಡುತ್ತಾಳೆಯೇ? ಗೊತ್ತಿರುವ ಪದವನ್ನೂ ಪ್ರತಿಸಲ ಅಕ್ಷರಕ್ಕೆ ಅಕ್ಷರ ಕೂಡಿಸಿಯೇ ಓದುತ್ತಾಳೆಯೇ? ಇವೆರಡಕ್ಕೆ ಉತ್ತರ ಕೊಟ್ಟರೆ ಕಾಗುಣಿತಕ್ಕೆ ಮರಳಬೇಕೋ, ಓದಿನ ಅಭ್ಯಾಸ ಹೆಚ್ಚಿಸಬೇಕೋ ಎಂಬುದು ಟೀಚರಿಗೆ ತಿಳಿಯುತ್ತದೆ.

ಏಕಾಗ್ರತೆಯ ಮಾತೂ ಹಾಗೆಯೇ. ಬಣ್ಣದ ಘನಗಳನ್ನು ಜೋಡಿಸುವಾಗ ಅಲುಗಾಡದೆ ಕೂತ ಮಗು ಪುಸ್ತಕ ತೆರೆದೊಡನೆ ಕಿಟಕಿ ನೋಡಿದರೆ, ಗಮನ ತಪ್ಪುವುದು ಓದಿನ ಕಷ್ಟದ ಹಿಂದೆ ಬಂದಿರಬಹುದು. ಒಬ್ಬರೇ ಕೂತ ಶಾಂತ ಕೋಣೆಯಲ್ಲಿ ಕಂಡದ್ದು ನಲವತ್ತು ಮಕ್ಕಳ ತರಗತಿಗೆ ಹಾಗೆಯೇ ಅನ್ವಯಿಸದು ಎಂಬುದನ್ನೂ ಸೇರಿಸಿ ಬರೆಯಬೇಕು.

ಸಂಖ್ಯೆ ಇರಲಿ ಎನ್ನುವವರಿಗೆ ಒಂದು ಎಚ್ಚರಿಕೆ. ‘25ನೇ ಪರ್ಸೆಂಟೈಲ್’ ಎಂದು ಬರೆದರೆ ಶಾಲೆಯಲ್ಲಿ ಅದನ್ನು ನೂರಕ್ಕೆ 25 ಎಂದು, ಅಂದರೆ ಫೇಲ್ ಎಂದು, ಓದುತ್ತಾರೆ. ಅದರ ನಿಜವಾದ ಅರ್ಥ, ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 25 ಮಕ್ಕಳು ಈ ಮಗುವಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಮಾಡಿದ್ದಾರೆ ಎಂದು. ಸಾಮಾನ್ಯ ಮಟ್ಟದ ಕೆಳಗಿನ ಅಂಚು. ಇಷ್ಟು ಬಿಡಿಸಿ ಹೇಳುವುದಾದರೆ ಸಂಖ್ಯೆ ಬೇಕಿಲ್ಲ.

ನನ್ನ ನಿಜವಾದ ಜಗಳವಿರುವುದು, ರೋಗನಿರ್ಣಯದ ಹೆಸರು ಟೀಚರಿಗೆ ಬೇಕೇಬೇಕು ಎನ್ನುವ ವಿಮರ್ಶಕರ ಜೊತೆ. ಅವರ ವಾದದಲ್ಲಿ ತೂಕವಿದೆ. ‘ಡಿಸ್ಲೆಕ್ಸಿಯಾ’ ಎಂಬ ಹೆಸರು ಕೇಳಿದ ದಿನದಿಂದ ಮಗುವನ್ನು ಸೋಮಾರಿ ಎನ್ನುವುದು ನಿಲ್ಲುತ್ತದೆ ಎನ್ನುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ಬಗೆಗಳಲ್ಲಿ ಸೇರಿಸಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗಬೇಕಾದರೆ ಆ ಹೆಸರಿರುವ ಪ್ರಮಾಣಪತ್ರ ಬೇಕು. ನಿಜ. ಆದರೆ ಪ್ರಮಾಣಪತ್ರದ ಕೆಲಸ ಬೇರೆ, ಈ ಪುಟದ ಕೆಲಸ ಬೇರೆ. ಪೋಷಕರ ಒಪ್ಪಿಗೆಯಿಂದ ಪ್ರಮಾಣಪತ್ರ ಮುಖ್ಯೋಪಾಧ್ಯಾಯರ ಕಡತದಲ್ಲಿರಲಿ. ತರಗತಿಗೆ ಹೆಸರು ಮಾತ್ರ ಬಂದರೆ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ: ‘ಅವಳಿಗೆ ಅದಿದೆಯಂತೆ, ನಮ್ಮ ಕೈಲೇನಿದೆ’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಹುಟ್ಟುತ್ತದೆ. ಒಂದೇ ಹೆಸರಿನ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ಉಕ್ತಲೇಖನ ಕಷ್ಟ, ಇನ್ನೊಬ್ಬನಿಗೆ ಗಟ್ಟಿಯಾಗಿ ಓದುವುದು ಕಷ್ಟ. ಸೋಮಾರಿ ಎನ್ನುವುದನ್ನು ನಿಲ್ಲಿಸಲು ‘ಇದು ಉದಾಸೀನವಲ್ಲ’ ಎಂಬ ಎರಡು ಪದ, ಅದರ ಹಿಂದೆ ಕಾರಣ ಇದ್ದರೆ ಸಾಕು. ಮನೆಯ ಜಗಳ, ತಾಯಿಯ ಚಿಕಿತ್ಸೆ ಮುಂತಾದವು ಪೂರ್ಣ ವರದಿಯಲ್ಲೇ ಉಳಿಯಲಿ. ಟೀಚರಿಗೆ ಅವು ಬೇಡ.

ಕೊನೆಯ ವಾಕ್ಯದ ‘ಪ್ರೀತಿ, ತಾಳ್ಮೆ’ ಯಾವ ಮಗುವಿಗೆ ಬೇಡ? ಸಾರಾಂಶದಲ್ಲಿ ಬೇರೊಂದು ಮಗುವಿನ ಹೆಸರು ಹಾಕಿ ಓದಿ. ಆಗಲೂ ಹೊಂದಿಕೊಂಡರೆ ಆ ಸಾರಾಂಶ ಸೋತಿದೆ. ಮೇಲಿನ ಮಾದರಿಯ ಐದೂ ವಾಕ್ಯಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ.

ವರದಿ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಸಹಿ ಹಾಕುವ ಮುನ್ನ ಟೀಚರಿಗೆ ಒಂದು ಫೋನ್ ಮಾಡಿ, ಪುಟವನ್ನು ಓದಿ ಹೇಳಿ, ನಾಳೆಯ ಕನ್ನಡ ಪೀರಿಯಡ್‌ನಲ್ಲಿ ಏನು ಬದಲಿಸುತ್ತೀರಿ ಎಂದು ಕೇಳಿ. ಅವರಿಗೆ ಉತ್ತರ ಹೊಳೆಯದಿದ್ದರೆ ಪುಟವನ್ನು ತಿದ್ದಿ ಬರೆಯಿರಿ.